ಅತ್ತೆ ಮಾತಾಡುತ್ತಿದ್ದ ಸಭೆ

"ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನ ಕೈಗೆ ಪೆನ್ನು ಕೊಟ್ರೆ ಹೀಗೇ ಆಗೋದು," ಎಂದರು ಡಿಪೋ ಮ್ಯಾನೇಜರು. ಸತ್ತ ಇಲಿಯ ಬಾಲ ಹಿಡಿದಂತೆ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು. "ನಾನು ಕೇಳಿದ್ದು ಮಿನಿಟ್ಸು. ಇವನು ಬರೆದಿರೋದು ಅಜ್ಜಿ ಕಥೆ."

ಬಸ್ ಡಿಪೋದ ವರ್ಕ್‌ಶಾಪಿಗೆ ಅಂಟಿಕೊಂಡ ಊಟದ ಕೋಣೆ ಅದು. ಬೆಂಚುಗಳ ಮೇಲೆ ವೆಲ್ಡರು, ಎಲೆಕ್ಟ್ರಿಶಿಯನ್ನು, ಟೈರಿನವರು ಕೂತಿದ್ದರು. ಯಾರೋ ಕಿಸಕ್ಕೆಂದರು. ಬಿಡಿಭಾಗಗಳ ಕೋಣೆ ನೋಡಿಕೊಳ್ಳುವ ಸಿಡುಕನ ಕಿವಿಯ ಬುಡ ಕೆಂಪಾಯಿತು. ಮನೆಯಲ್ಲಿ ಇಟ್ಟ ಹೆಸರು ಬೇರೆ, ಆದರೆ ಕೋಪ ಮೂಗಿನ ತುದಿಯಲ್ಲೇ ಇರುವವನನ್ನು ಡಿಪೋ ಬೇರೆ ಹೇಗೆ ಕರೆದೀತು? ಹಿಂದೆ ಆಗಿದ್ದರೆ ಬೆಂಚು ಒದ್ದು ಎದ್ದಿರುತ್ತಿದ್ದ. ಈಗ ಬಾಗಿಲ ಬಳಿ ಕೂತಿದ್ದ ದೊಡ್ಡಮ್ಮನ ಕಡೆ ನೋಡಿದ. ಆಕೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಸುಮ್ಮನಿರು ಎಂದು ಅರ್ಥ.

ದೊಡ್ಡಮ್ಮ ಅವನಿಗೆ ರಕ್ತಸಂಬಂಧವೇನೂ ಅಲ್ಲ. ಬಸ್ಸಿನ ಸೀಟು ಹೊಲಿಯುವ ವಿಭಾಗದ ಹಿರಿಯಾಕೆ, ಇಡೀ ಡಿಪೋಗೆ ದೊಡ್ಡಮ್ಮ. ವಾರದ ಸಭೆಯ ನಡಾವಳಿಯನ್ನು ಬರೆಯುತ್ತಿದ್ದವರು ಅವರೇ. ಹೊಲಿಗೆಯವರನ್ನು ಮಧ್ಯಾಹ್ನದ ಪಾಳಿಗೆ ಹಾಕಿದಾಗ ಬೆಳಗಿನ ಸಭೆ ಅವರಿಗೆ ತಪ್ಪಿಹೋಯಿತು. ಆವತ್ತು ಪೆನ್ನನ್ನು ಇವನ ಜೇಬಿಗೆ ಸಿಕ್ಕಿಸಿ ಹೋಗಿದ್ದರು. "ನನಗೆ ಬರೆಯಕ್ಕೆ ಬರಲ್ಲ ದೊಡ್ಡಮ್ಮ," ಅಂದಿದ್ದ. "ಬೈಯಕ್ಕೆ ಬರತ್ತಲ್ಲ? ಅಷ್ಟೇ ಚುಟುಕಾಗಿ ಬರಿ," ಅಂದಿದ್ದರು.

ಆಮೇಲೆ ಕಲಿಸಿದರು. ಹೊಲಿಗೆ ಯಂತ್ರದ ಪಕ್ಕ ಅವನನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು, ಕಾಲು ಪೆಡಲಿನ ಮೇಲೆ, ಕಣ್ಣು ಅವನ ಹಾಳೆಯ ಮೇಲೆ. ರೆಕ್ಸಿನ್ನಿನ ವಾಸನೆ, ಸೂಜಿಯ ಟಕಟಕ. "ಯಾರು ಏನಂದ್ರು ಅಂತ ಪೂರಾ ಬರೀಬೇಡ, ಅದು ಜಗಳದ ವರದಿ ಆಗತ್ತೆ. ಏನು ತೀರ್ಮಾನ ಆಯ್ತು, ಯಾಕೆ ಆಯ್ತು. ಯಾರು ಮಾಡ್ತಾರೆ, ಯಾವತ್ತಿನೊಳಗೆ. ಒಂದು ಕೆಲಸಕ್ಕೆ ಒಬ್ಬರದೇ ಹೆಸರು. 'ಎಲ್ಲರೂ' ಅಂತ ಬರೆದ್ರೆ ಯಾರೂ ಅಲ್ಲ ಅಂತ. ತೀರ್ಮಾನ ಆಗದೆ ಇದ್ರೆ ಆಗಲಿಲ್ಲ ಅಂತಾನೇ ಬರಿ, ನೀನು ಮಾಡಿಬಿಡಬೇಡ. ಬಾರದೆ ಇದ್ದವರು ಓದಿದ್ರೆ ಬಂದಿದ್ದ ಹಾಗೆ ಆಗ್ಬೇಕು."

"ಕೋಪ ಬಂದ್ರೆ?"

"ಬೇರೆ ಹಾಳೇಲಿ ಬರಿ. ಹರಿದು ಬಿಸಾಕು. ಮಿನಿಟ್ಸಲ್ಲಿ ಯಾರ ಕೋಪಾನೂ ಇರಬಾರದು, ನಿಂದೂ ಸೇರಿ."

ಈಗ ಮ್ಯಾನೇಜರು ಹಿಡಿದಿದ್ದ ಕಾಗದ ಹೋದ ವಾರದ ಸಭೆಯದು. ಸಭೆ ಶುರುವಾಗುವ ಮುಂಚೆ ಹಿಂದಿನ ನಡಾವಳಿಯನ್ನು ಓದಿ ಸರಿಯಿದೆಯೇ ಎಂದು ಒಪ್ಪಿಕೊಳ್ಳುವುದು ರೂಢಿ. ಒಪ್ಪಿದ ಮೇಲೆ ಅದು ಕೇಂದ್ರ ಕಚೇರಿಗೆ ಹೋಗುತ್ತದೆ. ಹೋದದ್ದು ಕಲ್ಲಲ್ಲಿ ಕೆತ್ತಿದಂತೆ.

ಆ ಸಭೆ ಒಂದು ಗಂಟೆ ನಡೆದಿತ್ತು. ಮ್ಯಾನೇಜರು ಡಿಪೋಗೆ ಹೊಸಬರು, ಕೆಟ್ಟವರಲ್ಲ, ಆದರೆ ಅವಸರದವರು. ತಮ್ಮ ಫೋನನ್ನು ಎದುರಿಗಿಟ್ಟುಕೊಂಡು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದರು. ಸಂಜೆಯ ಹೊತ್ತಿಗೆ ಸಿಡುಕನಿಗೆ ಎರಡು ಫೈಲು ಕಳಿಸಿದ್ದರು: ಸದ್ದನ್ನು ಸೋಸಿ ಚೊಕ್ಕಟ ಮಾಡಿದ ರೆಕಾರ್ಡಿಂಗು, ಅದನ್ನು ಕೇಳಿ ಆ್ಯಪು ತಾನೇ ಬರೆದ ಸಾರಾಂಶ. "ತಿದ್ದಿ ಕಳಿಸು, ಮಧ್ಯಾಹ್ನದ ಪಾಳಿಯವರಿಗೆ," ಎಂಬ ಒಕ್ಕಣೆ ಬೇರೆ.

ಅರ್ಧಕ್ಕರ್ಧ ಸಾರಾಂಶ ಸರಿಯಾಗಿಯೇ ಇತ್ತು, ಅದನ್ನು ಅವನೂ ಒಪ್ಪಿದ. ಹಳೇ ಕಂಪ್ರೆಸರ್ ತೆಗೆದು ಹೊಸದು ಕೂರಿಸುವುದು. ಬೋಲ್ಟು ಬಿಚ್ಚುವುದು ವೆಲ್ಡರು, ವೈರಿಂಗು ಎಲೆಕ್ಟ್ರಿಶಿಯನ್ನು, ಮುಂದಿನ ಸಭೆಯೊಳಗೆ. ವೆಲ್ಡರು ತಮಾಷೆಗೆ "ಟೈರಿನವನನ್ನೂ ಗುಜರಿಗೆ ಹಾಕಿ ಸಾರ್" ಎಂದಿದ್ದನ್ನು ಆ್ಯಪು ಪಾಪ ತೀರ್ಮಾನವೆಂದು ಬರೆದಿತ್ತು. ಅದನ್ನು ನಗುತ್ತ ಹೊಡೆದುಹಾಕಿದ. ಕೆಳಗೆ ಇನ್ನೊಂದು ಇತ್ತು: "ಹೊಲಿಗೆ ವಿಭಾಗವನ್ನು ಮುಚ್ಚಿ ಸೀಟಿನ ಕೆಲಸ ಹೊರಗೆ ಕೊಡುವುದು. ಯಾರ ಆಕ್ಷೇಪವೂ ಇಲ್ಲ. ಒಪ್ಪಲಾಗಿದೆ. ತಿಂಗಳ ಕೊನೆಯೊಳಗೆ ಯಂತ್ರ ಖಾಲಿ ಮಾಡುವವರು: ಹೊಲಿಗೆ ವಿಭಾಗ."

ಆ ಸಾಲನ್ನು ಇನ್ನೊಮ್ಮೆ ಓದಿದ. ಅವನೂ ಆ ಕೋಣೆಯಲ್ಲೇ ಕೂತಿದ್ದವನಲ್ಲವೇ? ಈ ಮಾತು ಯಾವಾಗ ಆಯಿತು?

ಸೋಸಿದ ರೆಕಾರ್ಡಿಂಗ್ ಹಾಕಿ ಕೇಳಿದ. ಮ್ಯಾನೇಜರ ದನಿ ಗಂಟೆ ಹೊಡೆದಂತೆ ಇತ್ತು. "ಹೊಲಿಗೆ ಸೆಕ್ಷನ್ ಹೊರಗೆ ಕೊಡೋಣ ಅಂತ ಮೇಲಿನವರ ಯೋಚನೆ. ಯಾರಿಗಾದ್ರೂ ಆಕ್ಷೇಪ ಇದೆಯಾ? ಇಲ್ಲ ತಾನೆ? ಸರಿ ಹಾಗಾದ್ರೆ." ಆಮೇಲೆ ಉದ್ದಕ್ಕೆ ಮೌನ. ಅದೇ ಅವನಿಗೆ ಮುಳ್ಳಿನಂತೆ ಚುಚ್ಚಿದ್ದು. ಈ ಡಿಪೋದ ಊಟದ ಕೋಣೆಯಲ್ಲಿ ಅಷ್ಟು ಹೊತ್ತು ಮೌನವೇ? ಒಬ್ಬ ಕೆಮ್ಮಿದರೆ ಇನ್ನೊಬ್ಬ ಲೇವಡಿ ಮಾಡುವ ಜಾಗ ಅದು. ಇಲ್ಲಿ ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚುವುದು ಒಬ್ಬಳೇ ಒಬ್ಬಳು ಬಾಯಿ ತೆರೆದಾಗ.

ಅವಳ ಹೆಸರು ಅತ್ತೆ. ಗೋಡೆಯ ಆಚೆ ಇದ್ದ ಹಳೇ ಕಂಪ್ರೆಸರು. ಟೈರಿಗೆ, ಬ್ರೇಕಿಗೆ ಗಾಳಿ ತುಂಬುವ ಮುದಿ ಯಂತ್ರ. ಟ್ಯಾಂಕಿನಲ್ಲಿ ಗಾಳಿ ಇಳಿದಾಗಲೆಲ್ಲ ತಾನಾಗಿಯೇ ಶುರು, ತುಂಬುವ ತನಕ ನಿಲ್ಲಿಸುವವರಿಲ್ಲ. ಗೋಡೆ ನಡುಗಿ ಕಿಟಕಿಯ ಗಾಜು ಗದಗದ ಎನ್ನುತ್ತಿತ್ತು. "ಅತ್ತೆ ಶುರುಮಾಡಿದ್ಲು, ಸೊಸೆಯಂದಿರೆಲ್ಲ ಸುಮ್ನಿರಿ," ಎಂದು ಯಾವ ಕಾಲದಲ್ಲೋ ಯಾರೋ ಅಂದದ್ದು ಕಾನೂನೇ ಆಗಿಹೋಗಿತ್ತು. ಆಗ ಆಡಿದ ಮಾತು ಆಡಿದಂತಲ್ಲ. ಆ ಹೊತ್ತಿನಲ್ಲಿ ಒಬ್ಬರು ಉಗುರು ಕತ್ತರಿಸಿಕೊಳ್ಳುವರು, ಇನ್ನೊಬ್ಬರು ಕಣ್ಣು ಮುಚ್ಚುವರು. ದೊಡ್ಡಮ್ಮ ಸೂಜಿಗೆ ದಾರ ಪೋಣಿಸುವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಲ್ಲರ ಮೇಲೂ ಹಲ್ಲು ಕಡಿಯುತ್ತಿದ್ದ ಸಿಡುಕನಿಗೆ ಆ ಗದ್ದಲವೇ ದೊಡ್ಡ ನೆಮ್ಮದಿ. ಯಾರೂ ಏನೂ ಕೇಳುವಂತಿಲ್ಲ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಮರುದಿನ ಮ್ಯಾನೇಜರ ಮುಂದೆ ನಿಂತು ಸೋಸದ ಮೂಲ ರೆಕಾರ್ಡಿಂಗ್ ಕೇಳಿ ಪಡೆದುಕೊಂಡ. "ಚೊಕ್ಕಟ ಮಾಡಿದ್ದು ಬಿಟ್ಟು ಕೊಳಕಾದದ್ದು ಯಾಕಯ್ಯಾ?" ಎನ್ನುತ್ತಲೇ ಅವರು ಕಳಿಸಿದ್ದರು. ಕಿವಿಗೆ ಹಾಕಿಕೊಂಡ. ನಿಜ, ಅತ್ತೆ ಮಾತಾಡುತ್ತಿದ್ದಳು. ಫೋನು ಬಾಯಿಗೆ ಹತ್ತಿರವಿದ್ದುದರಿಂದ ಮ್ಯಾನೇಜರ ಮಾತು ಅವಳ ಸದ್ದಿನ ಅಡಿಯಲ್ಲಿ ಎಳೆ ಎಳೆಯಾಗಿ ಸಿಕ್ಕಿಹಾಕಿಕೊಂಡಿತ್ತು. ಆ್ಯಪು ಅವಳನ್ನು ಒರೆಸಿ, ಆ ಎಳೆಯನ್ನಷ್ಟೇ ಉಳಿಸಿತ್ತು.

ಮೊದಲು ಬರೆದ ಹಾಳೆಯಲ್ಲಿ "ಕಳ್ಳತನದಿಂದ ತೂರಿಸಿದ್ದಾರೆ" ಎಂದಿತ್ತು. ಹರಿದ. ಎರಡನೆಯದರಲ್ಲಿ ಇನ್ನೂ ಕೆಟ್ಟದ್ದಿತ್ತು. ಅದನ್ನೂ ಹರಿದ. ಕೊನೆಗೆ ಹೀಗೆ ಬರೆದು ಮಧ್ಯಾಹ್ನದ ಪಾಳಿಯವರಿಗೆ ಕಳಿಸಿದ: "ಹೊಲಿಗೆ ಕೆಲಸ ಹೊರಗೆ ಕೊಡುವ ವಿಷಯವನ್ನು ಮ್ಯಾನೇಜರು ಎತ್ತಿದರು. ಆಗ ಕಂಪ್ರೆಸರ್ ನಡೆಯುತ್ತಿತ್ತು, ಕೂತಿದ್ದವರಿಗೆ ಕೇಳಿಸಲಿಲ್ಲ. ತೀರ್ಮಾನ ಆಗಿಲ್ಲ. ಮುಂದಿನ ಸಭೆಯಲ್ಲಿ ಹೊಲಿಗೆ ವಿಭಾಗದವರ ಎದುರು ಮತ್ತೆ ಕೇಳುವವರು: ಮ್ಯಾನೇಜರು."

ಅದನ್ನು ಓದಿಯೇ ದೊಡ್ಡಮ್ಮ ಇವತ್ತು ತಮ್ಮ ಪಾಳಿಗೆ ಮುಂಚೆ ಬಂದು ಬಾಗಿಲ ಬಳಿ ಕೂತಿದ್ದು.

"ಕಂಪ್ರೆಸರ್ ಏನು ಈ ಸಭೆಯ ಸದಸ್ಯನಾ?" ಮ್ಯಾನೇಜರು ಕಾಗದ ಕೆಳಗಿಟ್ಟರು. "ಅದಕ್ಕೂ ಒಂದು ಸಾಲು!"

"ಸದಸ್ಯ ಅಲ್ಲ ಸಾರ್, ಅತ್ತೆ," ಎಂದರು ವೆಲ್ಡರು. ಎಲ್ಲರೂ ನಕ್ಕರು.

"ನಗೋದು ಆಮೇಲೆ. ಕೇಳಿ." ಮ್ಯಾನೇಜರು ಸೋಸಿದ ರೆಕಾರ್ಡಿಂಗ್ ಹಾಕಿದರು. ಅವರದೇ ದನಿ, ಅವರದೇ ಪ್ರಶ್ನೆ, ಅನಂತರ ಬಾವಿಯಂಥ ಮೌನ. "ಮೌನಂ ಸಮ್ಮತಿ ಲಕ್ಷಣಂ. ಇದನ್ನ ಬಿಟ್ಟು ಬೇರೆ ಏನಂತ ಬರೀಬೇಕಿತ್ತು?"

ಬೆಂಚಿನ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಕೇಳಿದರೆ ಹಾಗೇ ಇತ್ತಲ್ಲ. ತಾವೇ ಕೂತು ಒಪ್ಪಿಬಿಟ್ಟ ಹಾಗೆ. ಟೈರಿನವರು ತಲೆ ತಗ್ಗಿಸಿದರು. ಅವರಿಗೇ ತಮ್ಮ ಮೇಲೆ ಅನುಮಾನ ಬಂದಿತ್ತು.

ಸಿಡುಕ ಜೇಬಿನಿಂದ ತನ್ನ ಫೋನು ತೆಗೆದು, ಕಿಟಕಿಯ ಮೇಲಿದ್ದ ಸ್ಪೀಕರಿಗೆ ಸೇರಿಸಿ, ಮೂಲ ರೆಕಾರ್ಡಿಂಗನ್ನು ಅದೇ ಜಾಗದಿಂದ ಹಾಕಿದ.

ಅತ್ತೆ ಮೊದಲು ಗೊರ್ ಎಂದು ಗಂಟಲು ಸರಿಮಾಡಿಕೊಂಡಳು. ಆಮೇಲೆ ಪೂರ್ತಿ ದನಿ ತೆಗೆದಳು.

ಹೋದ ಸಭೆ ಆದ ವಾರದಲ್ಲೇ ಅತ್ತೆಯನ್ನು ಗುಜರಿಗೆ ಸಾಗಿಸಿದ್ದರು. ಅವಳ ಬದಲು ಅಂಗಳದ ಆಚೆ ಬದಿಯಲ್ಲಿ ಕೂರಿಸಿದ ಹೊಸದಕ್ಕೆ ಸೊಸೆ ಎಂದು ಹೆಸರಾಗಿತ್ತು. ಬಾಯೇ ಬಿಡದ ಸೊಸೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಗಾಡಿ ಎಲ್ಲರೂ ಮರೆತಿದ್ದರು. ಈಗ ಅವಳು ಕೋಣೆಯೊಳಗೇ ಬಂದು ನಿಂತಂತಾಯಿತು.

ಹೇಳದೆ ಕೇಳದೆ ಎಲ್ಲರೂ ಸುಮ್ಮನಾದರು. ವೆಲ್ಡರು ಉಗುರಿನತ್ತ ನೋಡಿಕೊಂಡರು. ಎಲೆಕ್ಟ್ರಿಶಿಯನ್ನು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ದೊಡ್ಡಮ್ಮನ ಕೈ ತಾನಾಗಿಯೇ ಚೀಲಕ್ಕೆ ಹೋಗಿ ದಾರದ ಉಂಡೆ ಹುಡುಕಿತು. ಮ್ಯಾನೇಜರು ಏನೋ ಅಂದರು. ಯಾರೂ ತಿರುಗಿ ನೋಡಲಿಲ್ಲ. ದನಿ ಏರಿಸಿ ಇನ್ನೊಮ್ಮೆ ಅಂದರು. ಟೈರಿನವರು ಕೈಯೆತ್ತಿ, ಇರಿ, ಮುಗೀಲಿ ಎಂಬಂತೆ ಸನ್ನೆ ಮಾಡಿದರು.

ಸಿಡುಕನಿಗೆ ಮೊದಮೊದಲ ದಿನಗಳು ನೆನಪಾದವು. ಸ್ಟೂಲು, ರೆಕ್ಸಿನ್ನು, ಈ ಸದ್ದು ನಿಲ್ಲುವುದನ್ನೇ ಕಾಯುತ್ತ ಅರ್ಧಕ್ಕೆ ನಿಂತಿರುತ್ತಿದ್ದ ದೊಡ್ಡಮ್ಮನ ವಾಕ್ಯಗಳು. ಅತ್ತೆ ಮುಗಿಸುವ ಕ್ಷಣಕ್ಕೆ ಸರಿಯಾಗಿ ಅದೇ ಪದದಿಂದ ಮುಂದುವರಿಸುತ್ತಿದ್ದರು. ಇನ್ನು ಆ ಸದ್ದನ್ನು ಕೇಳಬೇಕೆಂದರೆ ಈ ಫೋನೊಂದೇ. ಕಣ್ಣು ಯಾಕೋ ಉರಿಯಿತು. ಬೈಯಲು ಯಾರೂ ಸಿಗಲಿಲ್ಲ.

ಟಪ್ ಎಂದು ಅತ್ತೆ ನಿಂತಳು. ಸ್ಪೀಕರಿನಲ್ಲಿ ವೆಲ್ಡರ ದನಿ: "ಅಬ್ಬಾ, ಮುಗಿಸಿದ್ಲು ಮಾರಾಯ್ತಿ. ಸಾರ್, ಏನೋ ಹೇಳ್ತಿದ್ರಲ್ಲ?" ಅದರ ಹಿಂದೆಯೇ ಮ್ಯಾನೇಜರದು: "ಏನಿಲ್ಲ, ಮುಂದಕ್ಕೆ ಹೋಗೋಣ."

ಸಿಡುಕ ನಿಲ್ಲಿಸಿದ.

ಮ್ಯಾನೇಜರು ತಮ್ಮ ಫೋನನ್ನು ಮಗುಚಿ ಇಟ್ಟರು. "ನನಗೆ... ನೀವೆಲ್ಲ ಕೇಳಿಸ್ಕೊಂಡ್ರಿ ಅಂತಾನೇ ಅಂದ್ಕೊಂಡಿದ್ದೆ," ಎಂದರು. ಸುಳ್ಳಾಡಿದಂತೆ ಕಾಣಲಿಲ್ಲ.

"ಈಗ ಕೇಳಿ ಸಾರ್," ಎಂದರು ದೊಡ್ಡಮ್ಮ. "ಈಗ ಸದ್ದಿಲ್ಲ. ನಾನೂ ಬಂದಿದೀನಿ."

ಮ್ಯಾನೇಜರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ದೊಡ್ಡಮ್ಮ ಎದ್ದು ನಿಂತು, ಕೆಲಸ ಹೊರಗೆ ಹೋದರೆ ಹರಿದ ಸೀಟಿನ ಬಸ್ಸು ರಿಪೇರಿಗೆ ಕಾಯುತ್ತ ಅಂಗಳದಲ್ಲೇ ನಿಲ್ಲುತ್ತದೆ, ಈಗ ಅದೇ ಪಾಳಿಯಲ್ಲಿ ಹೊಲಿದು ರಸ್ತೆಗೆ ಬಿಡುತ್ತೇವೆ ಎಂದರು. ವೆಲ್ಡರು ಹೌದೆಂದರು. ಟೈರಿನವರು ಹೌದೆಂದರು. ಬೆಂಚಿನ ಮೇಲಿದ್ದ ಕೈಗಳೆಲ್ಲ ಎದ್ದವು. ಮ್ಯಾನೇಜರು ತಾವೇ ಹೇಳಿದರು: "ಬರ್ಕೊ. ಎಲ್ಲರ ವಿರೋಧ ಇದೆ. ಕಾರಣ ಸಮೇತ ಕೇಂದ್ರ ಕಚೇರಿಗೆ ತಿಳಿಸುವವರು, ಮ್ಯಾನೇಜರು. ನಾಳೆಯೊಳಗೆ. ಹೋದ ವಾರದ್ದು ನೀನು ಬರೆದ ಹಾಗೇ ಇರಲಿ."

ಸಭೆ ಮುಗಿದು ಎಲ್ಲರೂ ಏಳುವಾಗ ಸಿಡುಕ ದೊಡ್ಡಮ್ಮನ ಬಳಿ ಹೋದ. "ಉಳಿಯತ್ತಾ ದೊಡ್ಡಮ್ಮ?"

"ಮೇಲಿನವರು ಮನಸ್ಸು ಮಾಡಿದ್ರೆ ಹೋಗೋದು ಹೋಗತ್ತೆ ಕಣೋ," ಎಂದರು ಆಕೆ, ದಾರದ ಉಂಡೆಯನ್ನು ಚೀಲಕ್ಕೆ ಹಾಕುತ್ತ. "ಆದ್ರೆ ನಾವೇ ತಲೆ ಆಡಿಸಿ ಕಳಿಸಿಕೊಟ್ವಿ ಅಂತ ಎಲ್ಲೂ ಇರಲ್ಲವಲ್ಲ. ಅಷ್ಟು ಸಾಕು." ಆಮೇಲೆ ಅವನ ಅಂಗಿಯ ಜೇಬಿನತ್ತ ನೋಡಿದರು. "ಆ ಸದ್ದು ಅಳಿಸಿಬಿಡಬೇಡ. ಒಂದಿನ ನನಗೂ ಕಳಿಸು."

ಅವನು ಪೆನ್ನು ಮುಚ್ಚಿ ಬಾಗಿಲ ಕಡೆ ಹೊರಟಾಗ ಹಿಂದಿನಿಂದ ಮ್ಯಾನೇಜರು ಕರೆದರು. ಅರ್ಧ ತಮಾಷೆ, ಅರ್ಧ ಮುಜುಗರ. ಬೆಂಚಿನವರೆಲ್ಲ ಇನ್ನೂ ಅಲ್ಲೇ ಇದ್ದರು.

"ಏಯ್, ಶುರುವಿನಲ್ಲಿ ನಾನು ಏಳನೇ ಕ್ಲಾಸು ಅಂತ ಅಂದ್ನಲ್ಲ, ಅದನ್ನೂ ಮಿನಿಟ್ಸಲ್ಲಿ ಬರೀತೀಯೇನೋ?"

ಸಿಡುಕ ನಿಂತ. ಬೇರೆ ಹಾಳೆಗೆ ಬೇಕಾಗುವಷ್ಟು ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಗೋಡೆಯ ಆಚೆ ಅತ್ತೆ ಇದ್ದ ಜಾಗದಲ್ಲಿ ಬೋಳು ಸಿಮೆಂಟು, ಕತ್ತರಿಸಿದ ಬೋಲ್ಟಿನ ಮೊಂಡುಗಳು, ಎಷ್ಟು ತಿಕ್ಕಿದರೂ ಹೋಗದ ಎಣ್ಣೆಯ ಕಲೆ. ಮುಚ್ಚಿದ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಅದನ್ನು ದಾಟಿಕೊಂಡು, ಬಿಡಿಭಾಗಗಳ ಕೋಣೆಯ ಕಡೆಗೆ ನಡೆದುಹೋದ.