ಪರಿಚಯದಲ್ಲೇ ಮುಗಿದ ಪಾಠ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಿಂದಿನ ಸಂದರ್ಶನದಲ್ಲಿ, ತರಗತಿಯಲ್ಲಿ ಶಿಸ್ತು ಹೇಗೆ ತರುತ್ತೀರಿ ಎಂದು ಕೇಳಿದ ಮಹಾಶಯರು ನಾನು ಉತ್ತರ ಕೊಡುವಾಗ ಫೋನಿನಲ್ಲಿ ಹರಟುತ್ತಿದ್ದರು. ಮೊದಲು ಅದನ್ನ ಒಳಗಿಡಿ ಎಂದೆ. ಕೆಲಸ ಅಲ್ಲಿಗೇ ಕೈತಪ್ಪಿತು. ಆವತ್ತಿನಿಂದ ಮತ್ತೆ ಆ ಶಾಲೆ, ಈ ಶಾಲೆ, ಎಲ್ಲ ಕಡೆಯೂ ತಾತ್ಕಾಲಿಕ. ಪರೀಕ್ಷೆ ಮುಗಿಯುತ್ತಿದ್ದಂತೆ ಕೈಗೊಂದು ಹೂಗುಚ್ಛ ಕೊಟ್ಟು ಕಳಿಸಿಬಿಡುತ್ತಿದ್ದರು.

ಈ ಸಲದ್ದು ಕಾಯಂ ಹುದ್ದೆ. ಆರನೇ ತರಗತಿಗೆ ವಿಜ್ಞಾನ. ಇದೂ ಸಿಗದಿದ್ದರೆ ಮೈದುನನ ಔಷಧಿ ಅಂಗಡಿಯಲ್ಲಿ ಬಿಲ್ ಹಾಕಲು ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮೈದುನ ನನಗಾಗಿ ಕುರ್ಚಿಯನ್ನೂ ತಂದಿಟ್ಟಿದ್ದ. ಒಳ್ಳೆಯ ಕುರ್ಚಿಯೇ. ಅದನ್ನು ಕಂಡರೆ ನನಗೆ ಅಳು ಬರುತ್ತಿತ್ತು.

ಎರಡು ನಿಮಿಷ ಸ್ವಪರಿಚಯ, ಅದರಲ್ಲೇ ಮಾದರಿ ಪಾಠದ ಮುನ್ನೋಟ, ನಂತರ ಎಂಟು ನಿಮಿಷ ಪಾಠ ಎಂದು ಶಾಲೆಯವರು ತಿಳಿಸಿದ್ದರು. ಅತ್ತೆ ಅಡುಗೆಮನೆಯ ಮಣೆಯ ಮೇಲೆ ಕೂತು ಆಯ್ಕೆ ಸಮಿತಿಯಾದರು. ನಾನು ಬೀನ್ಸ್ ಹೆಚ್ಚುತ್ತಾ ಪರಿಚಯ ಒಪ್ಪಿಸಿದೆ.

“ಏನನ್ನೂ ಬಾಕಿ ಇಟ್ಕೋಬೇಡ ಕಣೇ, ಎಲ್ಲಾ ಹೇಳ್ಬಿಡು. ಗೊತ್ತಿಲ್ದೆ ಇರೋದನ್ನ ಯಾರು ಮೆಚ್ತಾರೆ?” ಎಂದರು ಅತ್ತೆ. “ಮತ್ತೆ ಆ ನಾಲಿಗೆ, ಸ್ವಲ್ಪ ಬಿಗಿ ಹಿಡ್ಕೋ.”

ಮರುದಿನ ನೀರು ತುಂಬಲು ಗಾಜಿನ ತೊಟ್ಟಿ, ಜೇಡಿಮಣ್ಣು, ಗೆರೆ ಎಳೆಯಲು ಬಣ್ಣದ ಪೆನ್ನು ಎಲ್ಲ ಹೊತ್ತು ಹೋದೆ. ಕೋಣೆಯಲ್ಲಿ ಮೂವರಿದ್ದರು: ಮುಖ್ಯೋಪಾಧ್ಯಾಯಿನಿ, ವಿಷಯ ತಜ್ಞರಾಗಿ ಬಂದಿದ್ದ ನಿವೃತ್ತ ವಿಜ್ಞಾನ ಮೇಷ್ಟ್ರು, ಮತ್ತು ಆಡಳಿತ ಮಂಡಳಿಯ ಕಾರ್ಯದರ್ಶಿ. ಕಾರ್ಯದರ್ಶಿಯವರದು ಕಬ್ಬಿಣದ ವ್ಯಾಪಾರ. ಅವರು ಮೂವತ್ತು ವರ್ಷದಿಂದ ಯಾರ ಮಾತನ್ನೂ ಕೇಳಿದವರಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ನಾನು ಶುರು ಮಾಡಿದೆ. ಓದು, ಅನುಭವ, ಮಕ್ಕಳಿಂದ ಮಾಡಿಸಿ ಕಲಿಸುವ ನನ್ನ ರೀತಿ. ಆಮೇಲೆ ಮುನ್ನೋಟ. “ಆರನೇ ತರಗತಿಗೆ ‘ತೇಲುವುದು, ಮುಳುಗುವುದು’ ತೆಗೆದುಕೊಳ್ಳುತ್ತೇನೆ. ಮಣ್ಣಿನ ಉಂಡೆ ಹಾಕಿದರೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳುತ್ತೇನೆ.” ಇಲ್ಲಿಗೆ ನಿಲ್ಲಿಸಬೇಕಿತ್ತು. ಅತ್ತೆಯ ಮಾತು ನೆನಪಾಯಿತು, ನಿಲ್ಲಿಸಲಿಲ್ಲ. “ಉಂಡೆ ಮುಳುಗುತ್ತದೆ. ಅದೇ ಮಣ್ಣನ್ನು ಬಟ್ಟಲು ಮಾಡಿದರೆ ತೇಲುತ್ತದೆ. ಏಕೆಂದರೆ ಬಟ್ಟಲು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ನೀರು ಅದನ್ನು ಹೆಚ್ಚು ಬಲವಾಗಿ ಮೇಲಕ್ಕೆ ಒತ್ತುತ್ತದೆ.”

ಮೂವರೂ ಖುಷಿಯಿಂದ ತಲೆಯಾಡಿಸಿದರು. ಶಾಲೆಗೆ ಆವತ್ತು ರಜೆ, ಮಕ್ಕಳಿಲ್ಲ. ಹಾಗಾಗಿ ಸಮಿತಿಯೇ ತರಗತಿ. ಯಾರು ಎಂಥ ಮಗುವಾಗಬೇಕೆಂದು ಮುಖ್ಯೋಪಾಧ್ಯಾಯಿನಿ ಕಂಪಾಸ್ ಡಬ್ಬಿಯಲ್ಲಿ ಮೂರು ಚೀಟಿ ಕುಲುಕಿದರು. ಮೇಷ್ಟ್ರಿಗೆ ‘ಜಾಣ’ ಬಂತು. ಕಾರ್ಯದರ್ಶಿಗೆ ‘ತುಂಟ’. ಮುಖ್ಯೋಪಾಧ್ಯಾಯಿನಿ ತಮ್ಮ ಚೀಟಿ ಬಿಡಿಸಿ, ಮುಖ ಗಂಟಿಕ್ಕಿ, “ಪ್ರತಿ ಸಲವೂ ‘ಮಂಕು’ ನನಗೇ ಬರುತ್ತೆ” ಎಂದರು.

ಮೂವರೂ ಎದ್ದು ಮಕ್ಕಳ ಬೆಂಚುಗಳಲ್ಲಿ ತುರುಕಿಕೊಂಡರು. ಕೊನೆಯ ಬೆಂಚು ಯಾರದು ಎಂದು ಕಾರ್ಯದರ್ಶಿಗೂ ಮೇಷ್ಟ್ರಿಗೂ ತಕರಾರಾಯಿತು. ಕಾರ್ಯದರ್ಶಿ ಗೆದ್ದರು.

ನಾನು ಉಂಡೆಯನ್ನು ಎತ್ತಿ ಹಿಡಿದೆ. “ಮಕ್ಕಳೇ, ಇದನ್ನ ನೀರಿಗೆ ಹಾಕಿದ್ರೆ...”

“ಮುಳುಗುತ್ತೆ ಮಿಸ್!” ಮೇಷ್ಟ್ರು ಕೈಯೆತ್ತಿ ಹಾರಿದರು. “ಬಟ್ಟಲು ಮಾಡಿದ್ರೆ ತೇಲುತ್ತೆ!”

“ಯಾಕಂದ್ರೆ ಜಾಸ್ತಿ ನೀರನ್ನ ಪಕ್ಕಕ್ಕೆ ತಳ್ಳುತ್ತೆ ಮಿಸ್!” ಹಿಂದಿನಿಂದ ತುಂಟ.

“ನೀರು ಮೇಲಕ್ಕೆ ಒತ್ತುತ್ತೆ,” ಎಂದರು ಮಂಕು, ನಿಧಾನವಾಗಿ.

ಪಾಠ ಮುಗಿದೇಹೋಯಿತು. ಅರ್ಧ ನಿಮಿಷವೂ ಆಗಿರಲಿಲ್ಲ.

ಮೇಷ್ಟ್ರು ಬೆಂಚಿನಲ್ಲೇ ತಜ್ಞರಾದರು. “ಇದು ಕಷ್ಟವಾಯ್ತು. ಪರಿಚಯದಲ್ಲಿ ಹೇಳಿದಂತೆಯೇ ಪಾಠ ಮಾಡಿದರೆ ಐದು ಅಂಕ. ಮಕ್ಕಳು ತಾವೇ ಉತ್ತರ ಕಂಡುಕೊಂಡರೆ ಐದು ಅಂಕ. ಉತ್ತರ ಮೊದಲೇ ಗೊತ್ತಿದ್ದರೆ ಕಂಡುಕೊಳ್ಳೋದು ಹೇಗೆ?”

“ಮರೆತುಬಿಡೋಣ,” ಎಂದರು ಮುಖ್ಯೋಪಾಧ್ಯಾಯಿನಿ.

“ಸುಮ್ನೆ ಮರೆಯೋಕಾಗಲ್ಲ, ನಿರ್ಣಯ ಆಗ್ಬೇಕು,” ಎಂದರು ಕಾರ್ಯದರ್ಶಿ. ಅಭ್ಯರ್ಥಿಯ ಪರಿಚಯವನ್ನು ಸಮಿತಿ ಮರೆತಿದೆ ಎಂಬ ನಿರ್ಣಯವನ್ನು ಅವರೇ ಮಂಡಿಸಿದರು. ಮೇಷ್ಟ್ರು ಅನುಮೋದಿಸಿದರು. ಎಲ್ಲರೂ ಒಂದು ಗಳಿಗೆ ಕಣ್ಣು ಮುಚ್ಚಿದರು.

ಕಾರ್ಯದರ್ಶಿ ಕಣ್ಣು ತೆರೆದು ನನ್ನನ್ನು ಆಪಾದಮಸ್ತಕ ನೋಡಿದರು. “ಇವರು ಯಾರು?”

“ಅಭ್ಯರ್ಥಿ ಇರಬೇಕು,” ಎಂದರು ಮುಖ್ಯೋಪಾಧ್ಯಾಯಿನಿ.

“ಪರಿಚಯ ಇಲ್ಲದೆ ಪಾಠಕ್ಕೆ ಬಿಟ್ಟವರಾರು?” ಎಂದರು ಕಾರ್ಯದರ್ಶಿ. “ಎರಡು ನಿಮಿಷ ಪರಿಚಯ ಮಾಡ್ಕೊಳ್ಳಮ್ಮ. ಮುನ್ನೋಟಾನೂ ಸೇರಿಸಿ.”

ನಾನು ಮೈದುನನ ಕುರ್ಚಿಯನ್ನು ನೆನೆದುಕೊಂಡು ತಾಳ್ಮೆ ತಂದುಕೊಂಡೆ. ನಗುನಗುತ್ತಾ ಮತ್ತೆ ಓದು, ಅನುಭವ ಎಂದು ಶುರು ಮಾಡಿದೆ. ಮುನ್ನೋಟಕ್ಕೆ ಬಂದಾಗ ‘ಉಂಡೆ ಹಾಕಿ, ಏನಾಗುತ್ತದೆ ಎಂದು ಕೇಳುತ್ತೇನೆ’ ಎನ್ನುವಷ್ಟರಲ್ಲೇ ಹಿಂದಿನ ಬೆಂಚಿನಿಂದ “ಮುಳುಗುತ್ತೆ!” ಎಂಬ ಕೂಗು ಬಂತು.

“ನೀವು ಮರೆತಿಲ್ಲ!” ಮೇಷ್ಟ್ರು ತಿರುಗಿ ಬೈದರು. “ಇದು ನಿರ್ಣಯದ ಉಲ್ಲಂಘನೆ.”

“ನಾನು ತುಂಟ ಕಣ್ರೀ!”

“ಮಿಸ್, ಇವರು ನನ್ನ ಪೆನ್ನು ತಗೊಂಡ್ರು,” ಎಂದರು ಮುಖ್ಯೋಪಾಧ್ಯಾಯಿನಿ, ಕಾರ್ಯದರ್ಶಿಯತ್ತ ಬೆರಳು ಮಾಡಿ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಮೇಜನ್ನು ಅಂಗೈಯಿಂದ ಬಡಿದೆ. “ಸಾಕು! ಬಾಯಿ ಮುಚ್ಚಿ ಕೂತ್ಕೊಳ್ಳಿ, ಮೂವರೂ! ಪೆನ್ನು ವಾಪಸ್ ಕೊಡಿ. ಉತ್ತರ ಗೊತ್ತು ಅಂತ ಕುಣೀತಿದ್ದೀರಲ್ಲ, ಬನ್ನಿ ಮುಂದೆ. ತೇಲಿಸಿ ತೋರ್ಸಿ.”

ಕೆಲಸ ಹೋಯಿತು ಎಂದುಕೊಂಡೆ. ಹೋದದ್ದು ಹೋಯಿತು, ಶುರು ಮಾಡಿದ ಪಾಠವನ್ನಾದರೂ ಮುಗಿಸೋಣ ಎಂದು ಮೂವರ ಕೈಗೂ ಒಂದೊಂದು ಉಂಡೆ ಕೊಟ್ಟೆ. ಅವರು ಕುರಿಮರಿಗಳಂತೆ ಬಂದು ತೊಟ್ಟಿಯ ಸುತ್ತ ನಿಂತರು.

ಕಾರ್ಯದರ್ಶಿ ದಪ್ಪ ಅಂಚಿನ ಪುಟ್ಟ ಬಟ್ಟಲು ಮಾಡಿ ಬಿಟ್ಟರು. ಅದು ನೇರ ತಳಕ್ಕೆ ಹೋಯಿತು. ಮೇಷ್ಟ್ರದು ಒಂದು ಕಡೆ ವಾಲಿ, ನೀರು ಕುಡಿದು ಮುಳುಗಿತು. ಮುಖ್ಯೋಪಾಧ್ಯಾಯಿನಿಯದು ಬಿರುಕು ಬಿಟ್ಟಿತು.

“ಬಟ್ಟಲೇ ಮಾಡಿದ್ದೀನಲ್ಲ ಮಿಸ್?” ಕಾರ್ಯದರ್ಶಿಯ ದನಿಯಲ್ಲಿ ನಾಟಕ ಇರಲಿಲ್ಲ.

“ನೀರಿನ ಮಟ್ಟ ನೋಡಿ,” ಎಂದೆ. ಉಳಿದೆರಡನ್ನು ಎತ್ತಿಟ್ಟು, ಅವರ ಬಟ್ಟಲು ಮುಳುಗಿದಾಗ ನೀರು ಏರಿದಲ್ಲಿಗೆ ತೊಟ್ಟಿಯ ಮೇಲೆ ಗೆರೆ ಎಳೆದೆ. “ಇಷ್ಟು ನೀರನ್ನ ತಳ್ಳಿದ್ದು ಸಾಲ್ಲಿಲ್ಲ. ಮಣ್ಣು ಅಷ್ಟೇ ಇರ್ಲಿ. ಏನು ಬದಲಾಯಿಸ್ತೀರಿ?”

ಗೊತ್ತಿದ್ದ ಉತ್ತರ ಯಾರ ಕೆಲಸಕ್ಕೂ ಬರಲಿಲ್ಲ. ಈ ಸಲ ನಾನು ಮೊದಲೇ ಹೇಳಿಬಿಡದೆ ತುಟಿ ಕಚ್ಚಿ ನಿಂತೆ. ಕಾರ್ಯದರ್ಶಿ ಅಂಗಿಯ ತೋಳು ಮಡಚಿ, ತಳದಿಂದ ಮಣ್ಣನ್ನು ಎತ್ತಿ, ತಟ್ಟಿ ತಟ್ಟಿ ತೆಳ್ಳಗೆ ಮಾಡಿದರು, ಅಂಚನ್ನು ಎತ್ತರಕ್ಕೆ ಎಳೆದರು, ಉಸಿರು ಬಿಗಿಹಿಡಿದು ನೀರಿಗೆ ಇಟ್ಟರು. ಅದು ತೇಲಿತು. ನೀರು ಗೆರೆ ದಾಟಿ ಮೇಲೇರಿತು.

“ಮೇಲೆ ಬಂತು! ಗೆರೆಗಿಂತ ಮೇಲೆ!” ಅವರು ಕೂಗಿದರು. “ಅದೇ ಮಣ್ಣು, ಜಾಸ್ತಿ ಜಾಗ ಹಿಡೀತು!” ಮೇಷ್ಟ್ರು ಅವರ ಬೆನ್ನು ತಟ್ಟಿದರು. ಇಷ್ಟು ಹೊತ್ತೂ ಸಿಡುಕುತ್ತಿದ್ದ ನನಗೆ ಆ ಮುಖ ನೋಡಿ ಎದೆ ತುಂಬಿ ಬಂತು.

ಗಡಿಯಾರ ನೋಡಿದ ಮುಖ್ಯೋಪಾಧ್ಯಾಯಿನಿ ಸೆರಗಿನಿಂದ ಕೈ ಒರೆಸಿಕೊಂಡು ಮತ್ತೆ ಮುಖ್ಯೋಪಾಧ್ಯಾಯಿನಿಯಾದರು. “ನೀವು ಸಮಿತಿಗೇ ಗದರಿದಿರಿ.”

“ಹೌದು ಮೇಡಂ.”

“ಪಾಠವೂ ಪರಿಚಯದಲ್ಲಿ ಹೇಳಿದ ಹಾಗೆ ನಡೀಲಿಲ್ಲ.”

“ಇಲ್ಲ ಮೇಡಂ.” ನಾನು ತೊಟ್ಟಿಯ ನೀರು ಚೆಲ್ಲಲು ಕೈ ಹಾಕಿದೆ.

“ಇರಿ ಇರಿ, ಚೆಲ್ಬೇಡಿ!” ಕಾರ್ಯದರ್ಶಿ ತೊಟ್ಟಿಗೆ ಎರಡೂ ಕೈ ಅಡ್ಡ ಹಿಡಿದರು. ಮೊಣಕೈವರೆಗೆ ಮಣ್ಣಾಗಿತ್ತು. ಅವರು ಉಳಿದಿಬ್ಬರ ಮುಖ ನೋಡಿದರು. ಮೇಷ್ಟ್ರು ತಲೆಯಾಡಿಸಿದರು. ಮುಖ್ಯೋಪಾಧ್ಯಾಯಿನಿ ಸ್ವಲ್ಪ ತಡೆದು, ಅವರೂ ತಲೆಯಾಡಿಸಿದರು. ಆಮೇಲೆ ಆ ದೊಡ್ಡ ಮನುಷ್ಯ ನನ್ನ ಕಡೆ ತಿರುಗಿ ಕೇಳಿದರು: “ಮಿಸ್, ನಾಳೆ ಏನು ಪಾಠ?”

ಇಷ್ಟು ವರ್ಷದಲ್ಲಿ ಯಾವ ಶಾಲೆಯ ಆಡಳಿತದವರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಪಾಠದ ಹೆಸರು, ಪ್ರಯೋಗ, ಉತ್ತರ, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು.

“ಬೇಗ ಬನ್ನಿ,” ಎಂದೆ. “ಬಂದ ಮೇಲೆ ಹೇಳ್ತೀನಿ.”