ಒಂದು ವರ್ಷದ ಫ್ರಾಕು

ವಯಸ್ಸು ನಂಬಿ ಬಟ್ಟೆ ತಂದು ಚಿಕ್ಕಮ್ಮ ಕೆಟ್ಟಳು. ಹುಡುಗಿಗೆ ಒಂಬತ್ತು ತುಂಬಿದೆ ಎಂದು, ಒಂಬತ್ತರ ಚೀಟಿ ಇದ್ದ ಶಾಲೆಯ ಫ್ರಾಕನ್ನೇ ತಂದಿದ್ದಳು. ತೊಡಿಸಿ ನೋಡಿದರೆ ಹೊಲದ ಬೆರ್ಚಪ್ಪ! ಭುಜ ತೋಳಿಗಿಳಿದಿತ್ತು, ಕೈಬೆರಳು ಕಾಣುತ್ತಿರಲಿಲ್ಲ. ಹುಡುಗಿ ಮಾತ್ರ ತೋಳು ಮಡಚಿಕೊಳ್ಳತೊಡಗಿದಳು. ತಾಯಿ ಸತ್ತ ಮೇಲೆ ಅವಳು ಏನನ್ನೂ ಬೇಡ ಎಂದವಳಲ್ಲ.

ಬದಲಾಯಿಸಲು ಇಬ್ಬರೂ ಅಂಗಡಿಗೆ ಬಂದರು.

"ಮಕ್ಕಳೇನು ಚೀಟಿ ನೋಡಿ ಬೆಳೀತಾರಾ, ಅಮ್ಮಾ?" ಎನ್ನುತ್ತಾ ಅಂಗಡಿಯಾಕೆ ಟೇಪು ತೆಗೆದಳು. ಚಪ್ಪಲಿ ಬಿಡಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿದಳು. ಎತ್ತರ ನೂರಿಪ್ಪತ್ತು ಸೆಂಟಿಮೀಟರ್. ಕಂಕುಳಡಿಯಿಂದ ಸುತ್ತಿದ ಟೇಪು ಬಿಗಿಯದಂತೆ ಒಂದು ಬೆರಳು ತೂರಿಸಿ ಎದೆ ಅಳೆದಳು. ಐವತ್ತೊಂಬತ್ತು.

"ಎತ್ತರ, ಎದೆ ಎರಡೂ ಏಳು ವರ್ಷದವರ ಅಳತೆಗೇ ಬರುತ್ತೆ. ನೂರಿಪ್ಪತ್ತೆರಡು ಸೆಂಟಿಮೀಟರ್ ಎತ್ತರದವರ ಸೈಜು ಈಗ ಸರಿಯಾಗಿ ಕೂರುತ್ತೆ, ಆದ್ರೆ ಬೇಗ ಗಿಡ್ಡ ಆಗುತ್ತೆ. ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೀತಾರಲ್ಲ. ವರ್ಷ ಪೂರ್ತಿ ಬರಬೇಕಂದ್ರೆ ಇದರ ಮುಂದಿನದು, ನೂರಿಪ್ಪತ್ತೆಂಟು, ತಗೊಳ್ಳಿ. ಅಂಚು, ತೋಳು ಒಳಗೆ ಮಡಚಿ ಹೊಲೀತೀನಿ. ಭುಜ ಜಾರದಿದ್ರೆ ಸಾಕು. ಯಾವುದು ಕೊಡ್ಲಿ?"

ಚಿಕ್ಕಮ್ಮ ಮನಸ್ಸಲ್ಲೇ ಲೆಕ್ಕ ಹಾಕಿದಳು. ವರ್ಷ ಪೂರ್ತಿ! 'ಪರೀಕ್ಷೆ ಮುಗಿಯೋವರೆಗೂ ಹುಡುಗಿ ಇಲ್ಲಿರಲಿ, ಆಮೇಲೆ ಯೋಚನೆ ಮಾಡೋಣ' ಎಂದು ಗಂಡ ಹೇಳಿದ್ದ. ಅವಳೂ ಹೂಂಗುಟ್ಟಿದ್ದಳು. ಇದ್ದದ್ದೇ ಎರಡು ಕೋಣೆ, ತಮ್ಮದೇ ಇಬ್ಬರು ಮಕ್ಕಳು. ಸ್ವಂತ ಅಕ್ಕನ ಮಗಳ ವಿಷಯದಲ್ಲೂ ಅಡ್ಡಗೋಡೆಯ ಮೇಲಿನ ದೀಪ ಆಗಿದ್ದೇನಲ್ಲ ಎಂದು ನಾಚಿಕೆಯಾಯಿತು.

"ಚಿಕ್ಕದೇ ಸಾಕು ಚಿಕ್ಕಮ್ಮ," ಎಂದಳು ಹುಡುಗಿ.

"ಯಾಕೆ ಪುಟ್ಟೀ?"

"ದೊಡ್ಡಪ್ಪನ ಮನೇಲೂ ಬೆಳೆಯೋಕೆ ಅಂತ ದೊಡ್ಡದೇ ತಂದಿದ್ರು. ಅದು ನಂಗೆ ಸರಿಯಾಗೋ ಹೊತ್ತಿಗೆ ನಾನು ಅತ್ತೆ ಮನೇಲಿದ್ದೆ. ಈಗ ಅದನ್ನ ದೊಡ್ಡಪ್ಪನ ಮಗಳು ಹಾಕ್ಕೋತಾಳೆ."

ದೂರು ಹೇಳುವ ದನಿಯಲ್ಲ, ಲೋಕದ ರೀತಿ ತಿಳಿಸುವ ದನಿ. ಒಂಬತ್ತು ವರ್ಷದ ಕೂಸು ತಾನು ಬೆಳೆಯುವುದನ್ನೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಕೂತಿತ್ತು.

"ನೂರಿಪ್ಪತ್ತೆಂಟರದ್ದೇ ಕೊಡಿ," ಎಂದಳು ಚಿಕ್ಕಮ್ಮ. "ಎರಡು ಜೊತೆ."

ತೊಡಿಸಿದರು. ಭುಜ ಭುಜದ ಮೇಲೇ ನಿಂತಿತು. ಅಂಗಡಿಯಾಕೆ ಮಂಡಿಯೂರಿ ಅಂಚು ಮಡಚಿ ಗುಂಡುಸೂಜಿ ಚುಚ್ಚತೊಡಗಿದಳು.

"ಚಿಕ್ಕಪ್ಪ ಏನಾದ್ರೂ ಅಂದ್ರೆ?" ಹುಡುಗಿ ಪಿಸುಗುಟ್ಟಿದಳು.

"ಅನ್ಲಿ. ಯೋಚನೆ ಮಾಡೋಣ ಅಂದಿದ್ರಲ್ಲ, ನಾನು ಮಾಡಿದ್ದಾಯ್ತು ಅಂತೀನಿ." ಅಂದುಬಿಟ್ಟಳೇನೋ ನಿಜ. ಇವತ್ತು ಮನೆಯಲ್ಲಿ ರಂಪ ಆಗುವುದು ಖಂಡಿತ.

ಹುಡುಗಿ ಬಗ್ಗಿ, ಮಡಚಿದ ಅಂಚನ್ನು ಮುಟ್ಟಿ ನೋಡಿದಳು.

"ಇದನ್ನ ಮುಂದಿನ ವರ್ಷ ಬಿಚ್ಚೋರು ಯಾರು?"

"ನಾನೇ ಕಣೇ. ಇನ್ಯಾರು?"

ಹುಡುಗಿ ಆ ಮಡಿಕೆಯನ್ನು ಬೆರಳಲ್ಲಿ ಅಳೆದಳು. ಆಮೇಲೆ, ಈ ಮನೆಗೆ ಬಂದ ಮೇಲೆ ಮೊದಲ ಸಲ ಒಂದು ಬೇಡಿಕೆ ಇಟ್ಟಳು:

"ಹಂಗಾದ್ರೆ ಇನ್ನೂ ಸ್ವಲ್ಪ ಜಾಸ್ತಿ ಮಡಚೋಕೆ ಹೇಳು."