ಈಶಾನ್ಯ ಮೂಲೆಯ ಕಂಬ

ಡಿ. ಹಿರೇಹಾಳಿನ ಬೊಮ್ಮಪ್ಪ ಮೇಸ್ತ್ರಿ ನಿಲ್ಲಿಸಿದ ಕಬ್ಬಿಣದ ಕಂಬ ವಾಲಿದ್ದನ್ನು ಯಾರೂ ಕಂಡಿರಲಿಲ್ಲ. ಅವನ ನಾಲಿಗೆ ನೆಟ್ಟಗಿದ್ದದ್ದನ್ನೂ ಯಾರೂ ಕಂಡಿರಲಿಲ್ಲ. ಆ ನಾಲಿಗೆಯ ಪೆಟ್ಟು ಹೆಚ್ಚಾಗಿ ಬೀಳುತ್ತಿದ್ದದ್ದು ಕಾಟಪ್ಪನ ಮೇಲೆ. ಕಾಟಪ್ಪ ಅವನ ಅಳಿಯ, ಅದರಲ್ಲೂ ಮನೆಅಳಿಯ. ಅಂಥವನ ಪಾಡು ಗೊತ್ತಲ್ಲ, ಉಣ್ಣುವಾಗ ಎಣಿಸುತ್ತಾರೆ, ದುಡಿಯುವಾಗ ಮರೆಯುತ್ತಾರೆ.

"ಮಟ್ಟಗೋಲಿನ ಗುಳ್ಳೆ ಎಲ್ಲೈತೋ?" ಎಂದು ಬೊಮ್ಮಪ್ಪ ಕೇಳುವುದು.

"ನಡುವ ಐತಿ ಮಾವ."

"ಗುಳ್ಳೆ ನಡುವ ಐತಿ, ನಿನ್ನ ತಲಿ ಎಲ್ಲೈತಿ? ತಾಳಿ ಕಟ್ಟೋ ದಿನಾನೂ ಹಿಂಗಾ ನಡುಗ್ತಿದ್ದಿ, ಪುರೋಹಿತ ಕೈ ಹಿಡಿದು ಕಟ್ಟಿಸಿದ."

ಗ್ಯಾಂಗಿನವರು ನಗುವರು. ಅದೇ ಗ್ಯಾಂಗಿನಲ್ಲಿ ಸಿಮೆಂಟು ಕಲಸುತ್ತಿದ್ದ ನಾಗರತ್ನ, ಬೊಮ್ಮಪ್ಪನ ಮಗಳು, ಕಾಟಪ್ಪನ ಹೆಂಡತಿ, ತಲೆ ತಗ್ಗಿಸಿ ಸಲಿಕೆ ಎಳೆಯುವಳು. ನಗದಿದ್ದವಳು ಅವಳೊಬ್ಬಳೇ.

ಕಾಟಪ್ಪನಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಮೇಸ್ತ್ರಿ ಅನ್ನಿಸಿಕೊಳ್ಳಬೇಕು. ಆ ಗ್ಯಾಂಗಿನಲ್ಲಿ ಅದಕ್ಕೊಂದು ಪದ್ಧತಿಯಿತ್ತು: ಹಳೆಯ ಮೇಸ್ತ್ರಿ ಎಲ್ಲರೆದುರು ತನ್ನ ರಸಮಟ್ಟವನ್ನು, ಅದೇ ಗಾಜಿನ ಕೊಳವೆಯಲ್ಲಿ ಗುಳ್ಳೆ ಓಡಾಡುವ ಮಟ್ಟಗೋಲನ್ನು, ಹೊಸಬನ ಕೈಗೆ ಕೊಡಬೇಕು. ಬೊಮ್ಮಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಕಂಟ್ರಾಕ್ಟರ್ ರವಿಶಂಕರ ಬಾಯಿಬಿಟ್ಟೇ ಹೇಳಿದ್ದ, "ಬೆಳುಗುಪ್ಪ ಕಡೆ ಮುಂದಿನ ಶೆಡ್ಡು ಹೊಸ ಮೇಸ್ತ್ರಿಗೆ" ಅಂತ. ಮುದುಕ ಮಾತ್ರ ರಸಮಟ್ಟವನ್ನು ರಾತ್ರಿ ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದ.

ಈ ಸಲದ ಕೆಲಸ ರಾಯದುರ್ಗದ ಹೊರಗೆ, ಕಣೇಕಲ್ಲು ರಸ್ತೆಯ ಪಕ್ಕದಲ್ಲಿ, ಶೇಂಗಾ ಗೋದಾಮು. ಆಷಾಢದ ಗಾಳಿ. ಹೆಂಗಸರ ಸೆರಗು ನಿಲ್ಲದು, ಗಂಡಸರ ಬೀಡಿ ಹತ್ತದು.

ಕಂಬ ನಿಲ್ಲಿಸುವುದೆಂದರೆ ನೋಡುವವರಿಗೆ ಏನೂ ಅಲ್ಲ. ಕಾಂಕ್ರೀಟಿನ ಪಾಯದಲ್ಲಿ ನಾಲ್ಕು ಬೋಲ್ಟುಗಳನ್ನು ಮೊದಲೇ ಹೂತಿರುತ್ತಾರೆ, ನಟ್ಟು ಕೂರುವ ತುದಿ ಮೇಲಕ್ಕೆ. ಕಂಬದ ಬುಡಕ್ಕೆ ದಪ್ಪ ತಗಡು, ಬೇಸ್ ಪ್ಲೇಟು, ಅದರಲ್ಲಿ ನಾಲ್ಕು ತೂತು. ಪ್ಲೇಟಿನ ಕೆಳಗೊಂದು ನಟ್ಟು, ಮೇಲೊಂದು ನಟ್ಟು. ಕೆಳಗಿನ ನಟ್ಟನ್ನು ಅಷ್ಟಿಷ್ಟೇ ತಿರುಗಿಸಿ ಪ್ಲೇಟನ್ನು ಮಟ್ಟಕ್ಕೆ ತರಬೇಕು, ದಾರದಲ್ಲಿ ತೂಗುವ ತೂಕದ ಗುಂಡಿಗೆ ಕಂಬವನ್ನು ನೇರ ಮಾಡಬೇಕು. ಪ್ಲೇಟಿಗೂ ಕಾಂಕ್ರೀಟಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಅದಕ್ಕೆ ಗ್ರೌಟು, ಅಂದರೆ ಒಣಗಿದರೂ ಕುಗ್ಗದ ಚೀಲದ ಸಿಮೆಂಟು, ಗಂಜಿಯ ಹಾಗೆ ಕಲಸಿ ಹೊಯ್ಯುವುದು. ಅದು ಗಟ್ಟಿಯಾದ ಮೇಲೆ ಮೇಲಿನ ನಟ್ಟಿಗೆ ಕೊನೆಯ ಬಿಗಿ. ಕಂಬ ಬೀಳದ ಹಾಗೆ ಹಿಡಿಯುವುದು ಬೋಲ್ಟು, ಭಾರ ಹೊರುವುದು ಗ್ರೌಟು. ಎರಡರಲ್ಲಿ ಒಂದು ಸುಳ್ಳಾದರೂ ಮೇಲಿನದೆಲ್ಲ ಸುಳ್ಳು.

ಈಶಾನ್ಯ ಮೂಲೆಯ ಪಾಯದ ಬೋಲ್ಟನ್ನು ಮೇಸ್ತ್ರಿಯೇ ಹೂಳಬೇಕು, ಬೇರೆಯವರು ಮುಟ್ಟುವಂತಿಲ್ಲ, ಇದು ಬೊಮ್ಮಪ್ಪನ ಶಾಸ್ತ್ರ. ಗ್ರೌಟು ಗಟ್ಟಿಯಾದ ದಿನ ಆ ಕಂಬದ ಕಟ್ಟುಹಗ್ಗಗಳನ್ನೆಲ್ಲ ಬಿಚ್ಚಿಸಿ, ಬರೀ ಬೋಲ್ಟಿನ ಮೇಲೆ ನಿಂತ ಕಂಬವನ್ನು ಮೇಸ್ತ್ರಿ ಹತ್ತಿ ತುದಿಗೆ ನಿಂಬೆಹಣ್ಣು ಕಟ್ಟಬೇಕು. ಹಗ್ಗ ಬಿಚ್ಚಬ್ಯಾಡ್ರಿ ಎಂದು ಬೈದ ಇಂಜಿನಿಯರುಗಳಿದ್ದರು. "ನಿಮ್ಮ ಕಾಗದ ನೀವು ನೋಡ್ಕೊಳ್ರಿ, ನನ್ನ ಕಂಬ ನಾ ನೋಡ್ಕೋತೀನಿ" ಎಂದು ಬೊಮ್ಮಪ್ಪ ಕೋತಿಯ ಹಾಗೆ ಹತ್ತಿಬಿಡುತ್ತಿದ್ದ.

ಈ ಸಲ ಅವನ ಪೊರೆಗಣ್ಣು ಕೈಕೊಟ್ಟಿತು. ಪ್ಲೇಟಿನ ನಾಲ್ಕು ತೂತಿನ ನಡುವಿನ ಅಂತರ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಇರುತ್ತದೆ. ಬೋಲ್ಟಿನ ಜಾಗ ತೋರಿಸುವ ಅಚ್ಚಿನ ಹಲಗೆಯನ್ನು ಮುದುಕ ಅಡ್ಡಡ್ಡ ಇಟ್ಟು ಕಾಂಕ್ರೀಟು ಹಾಕಿಸಿದ್ದ, ಬೋಲ್ಟು ತೂತಿಗೆ ಕೂರದು. ಕಂಬವನ್ನೇ ತಿರುಗಿಸೋಣವೆಂದರೆ ತೊಲೆ ಕೂರುವ ಮುಖ ತಿರುಗುತ್ತದೆ. ಒಪ್ಪಿಕೊಂಡು ಪಾಯ ಒಡೆಸಿ ಮತ್ತೆ ಹೂಳಬಹುದಿತ್ತು. ಬೊಮ್ಮಪ್ಪ ಒಪ್ಪಿಕೊಳ್ಳುವ ಜಾತಿಯವನಲ್ಲ. ಬೆಳಿಗ್ಗೆ ಗ್ಯಾಂಗು ಬರುವ ಮೊದಲೇ ನಾಲ್ಕೂ ಬೋಲ್ಟನ್ನು ಬುಡಸಮ ಕೊಯ್ದು, ಮೇಲೆ ಗೋಣಿ ಮುಚ್ಚಿಟ್ಟ. ಕ್ರೇನು ಕಂಬ ಇಳಿಸುವಾಗ ಎಲ್ಲರನ್ನೂ ಹಗ್ಗ ಹಿಡಿಯಲು ದೂರ ಅಟ್ಟಿ, ತಾನೊಬ್ಬನೇ ಬುಡದಲ್ಲಿ ಕೂತು ಪ್ಲೇಟನ್ನು ಕಬ್ಬಿಣದ ಪಟ್ಟಿಗಳ ಮೇಲೆ ಕೂರಿಸಿದ. ಊಟಕ್ಕೆ ಎಲ್ಲರನ್ನೂ ಕಳಿಸಿ, ತೂತುಗಳಿಗೆ ಬೋಲ್ಟಿನ ತುಂಡುಗಳನ್ನಿಳಿಸಿ, ಸುತ್ತ ಒಂದೊಂದು ಚುಕ್ಕೆ ಬೆಸುಗೆ ಹಾಕಿ, ವಾಷರು ಮುಚ್ಚಿ ನಟ್ಟು ತಿರುಗಿಸಿದ. ಮೇಲಿನಿಂದ ನೋಡಿದರೆ ದೇವರಾಣೆ ಬೋಲ್ಟೇ.

ಗ್ರೌಟು ಹಾಕುವ ಕೆಲಸ ಕಾಟಪ್ಪನದು. ಕಾಂಕ್ರೀಟಿನ ಮೈ ಕೊಚ್ಚಿ ಒರಟು ಮಾಡಿ, ನೀರು ಕುಡಿಸಿ, ನಿಂತ ನೀರನ್ನು ಬಟ್ಟೆಯಿಂದ ಹೀರಿ, ಸುತ್ತ ಹಲಗೆ ಬಡಿದ. ಸಂದಿನಲ್ಲಿ ಕಸ ಉಳಿದಿದೆಯೋ ಎಂದು ಹೊಟ್ಟೆಯ ಮೇಲೆ ಮಲಗಿ ಫೋನಿನ ಬೆಳಕು ಬಿಟ್ಟು ನೋಡಿದ. ಪ್ಲೇಟಿನ ಕೆಳಗೆ ಒಂದೂ ಬೋಲ್ಟು ಹಾದಿರಲಿಲ್ಲ. ಒಂದೂ ನಟ್ಟಿರಲಿಲ್ಲ. ಬರೀ ಪಟ್ಟಿಗಳು. ಆಚೆ ಅಂಚಿನಲ್ಲಿ ಕೊಯ್ದ ಬೋಲ್ಟಿನ ತಲೆಗಳು ಹೊಸ ರೂಪಾಯಿಯ ಹಾಗೆ ಹೊಳೆಯುತ್ತಿದ್ದವು.

ಮಲಗಿದ್ದಲ್ಲೇ ಮಲಗಿದ್ದ. ಮೊದಲು ಹೆದರಿಕೆ ಬಂತು, ಅದರ ಬೆನ್ನಿಗೇ ನಗು ಬಂತು. ಈ ಕಂಬವನ್ನು ಹಗ್ಗ ಬಿಚ್ಚಿ ಹತ್ತಬೇಕಾದವನು ಯಾರು? ಮೇಸ್ತ್ರಿ. ಹತ್ತಿದರೆ ಸಾಯ್ತಾನೆ, ಹತ್ತದಿದ್ದರೆ ಮಾನ ಹೋಗ್ತದೆ. ಎರಡರಲ್ಲಿ ಯಾವುದಾದರೂ ಕಾಟಪ್ಪನಿಗೆ ಸಮ್ಮತವಿತ್ತು.

"ಯಾಕ್ರೀ, ಒಳಗ ಹಾವೈತೇನು?" ನಾಗರತ್ನ ಬಕೆಟ್ಟು ಹಿಡಿದು ನಿಂತಿದ್ದಳು. "ಲಗೂನ ಏಳ್ರಿ, ಗಟ್ಟಿ ಆಗ್ತೈತಿ."

"ಏನಿಲ್ಲ. ಈ ಕಡಿಯಿಂದ ಹುಯ್ಯಿ."

ಗ್ರೌಟನ್ನು ಒಂದೇ ಕಡೆಯಿಂದ ಹೊಯ್ಯಬೇಕು. ಎರಡೂ ಕಡೆಯಿಂದ ಹೊಯ್ದರೆ ನಡುವೆ ಗಾಳಿ ಸಿಕ್ಕಿ ಪೊಳ್ಳಾಗುತ್ತದೆ. ನಾಗರತ್ನ ನಿಲ್ಲಿಸದೆ ಹೊಯ್ದಳು, ಅವನು ಸರಪಳಿಯೊಂದನ್ನು ಒಳಗೆ ಹಿಂದೆ ಮುಂದೆ ಎಳೆದು ಹರಿಸಿದ. ಆಚೆ ಕಡೆ ಪ್ಲೇಟಿನ ಅಂಚಿಗಿಂತ ಮೇಲೆ ಬಂದಾಗ ಕೈ ಎತ್ತಿದ. ಕೊಯ್ದ ತಲೆಗಳು ಮುಳುಗಿದವು. ಅಂಥ ಅಚ್ಚುಕಟ್ಟಾದ ಗ್ರೌಟನ್ನು ಅವನು ಜನ್ಮದಲ್ಲಿ ಹಾಕಿರಲಿಲ್ಲ. ದಿನಾ ತಾನೇ ಹೋಗಿ ಗೋಣಿಗೆ ನೀರು ಹಾಕಿ ಹಸಿಯಾಗಿಟ್ಟ, ಕೂಸಿಗೆ ಎರೆದ ಹಾಗೆ. ಮಾವ ಬೈದರೆ ನಗುತ್ತಿದ್ದ.

"ಏನವ್ವ, ನಿನ್ನ ಗಂಡಗ ಹುಚ್ಚು ಹಿಡೀತೇನು? ಹಲ್ಲು ಕಿಸೀತಾನ," ಎಂದ ಬೊಮ್ಮಪ್ಪ ಮಗಳಿಗೆ. ಅವನ ಪೊರೆಗಣ್ಣು ಆ ನಗುವಿನ ಮೇಲೆ ಬಹಳ ಹೊತ್ತು ನಿಂತಿತ್ತು.

ಹಗ್ಗ ಬಿಚ್ಚುವ ದಿನ ರವಿಶಂಕರ ಕಾರಿನಲ್ಲಿ ಬಂದ. ತೆಂಗಿನಕಾಯಿ ಒಡೆದರು. ಗಾಳಿ ಕಂಬದ ಹಗ್ಗಗಳನ್ನು ತಂಬೂರಿಯ ಹಾಗೆ ಮಿಡಿಯುತ್ತಿತ್ತು. ಕಾಟಪ್ಪ ಎದೆಯ ಮೇಲೆ ಕೈಕಟ್ಟಿ, ಮದುವೆ ನೋಡಲು ಬಂದವನ ಹಾಗೆ ನಿಂತ.

ಬೊಮ್ಮಪ್ಪ ನಿಂಬೆಹಣ್ಣಿಗೆ ಕುಂಕುಮ ಹಚ್ಚಿದ, ಕಂಬಕ್ಕೆ ಕೈಮುಗಿದ, ತಿರುಗಿದ. ಸೊಂಟದಿಂದ ರಸಮಟ್ಟ ತೆಗೆದ.

"ನನಗ ವಯಸ್ಸಾತ್ರಿ ಸಾಹೇಬ್ರ. ಕಣ್ಣೂ ಇಲ್ಲ. ಇವತ್ತಿಂದ ನನ್ನ ಅಳಿಯನಾ ಮೇಸ್ತ್ರಿ. ಬಾರೋ ಕಾಟ, ಹಿಡಿ. ಹತ್ತು."

ಗ್ಯಾಂಗು ಹೋ ಎಂದಿತು. ನಾಗರತ್ನಳ ಕಣ್ಣಲ್ಲಿ ನೀರೇ ಬಂತು. ಇಷ್ಟು ವರ್ಷ ಕಾದ ರಸಮಟ್ಟ ಕೈಗೆ ಬಂತು, ನಿಂಬೆಹಣ್ಣೂ ಬಂತು. ಬೊಮ್ಮಪ್ಪ ಹತ್ತಿರ ಬಂದು ಅಳಿಯನ ಕೊರಳಿಗೆ ತೋಳು ಹಾಕಿ ಕಿವಿಯಲ್ಲಿ ಅಂದ, "ಗ್ರೌಟ್ ಹಾಕೋ ಮುಂದ ನೋಡಿದ್ದಿ ಅಲ್ಲೇನಲೇ? ನಕ್ಕಿ ಅಲ್ಲ? ಈಗ ನಗು."

"ಬಿಚ್ಚಲೇನ್ರಿ ಮೇಸ್ತ್ರಿ?" ಎಂದು ಹಗ್ಗ ಹಿಡಿದ ಹೊನ್ನೂರಪ್ಪ ದೂರದಿಂದ ಕೂಗಿದ. ಕಾಟಪ್ಪನನ್ನು ಯಾರಾದರೂ ಹಾಗೆ ಕರೆದದ್ದು ಅದೇ ಮೊದಲು.

"ಬಿಚ್ಚಬ್ಯಾಡ!" ಕಾಟಪ್ಪನ ದನಿ ಸೀಳಿತು. "ನಟ್ಟಿಗೆ ಕಡೇ ಬಿಗಿ ನಾನಾ ಕೊಡ್ತೀನಿ. ಪಾನಾ ತರ್ರಿ, ಪೈಪೂ ತರ್ರಿ."

"ನಾ ಬಿಗಿದೀನಿ" ಎಂದ ಬೊಮ್ಮಪ್ಪ.

"ಈಗ ಮೇಸ್ತ್ರಿ ನಾನು, ಮಾವ."

ಪಾನಾಕ್ಕೆ ಉದ್ದನೆಯ ಪೈಪು ತೊಡಿಸಿ ಮೈಭಾರವೆಲ್ಲ ಬಿಟ್ಟು ಎಳೆದ. ನಿಜವಾದ ಬೋಲ್ಟು ಎದುರು ನಿಲ್ಲುತ್ತದೆ, ನಟ್ಟು ಕಚ್ಚುತ್ತದೆ. ಇದು ಕಡಲೆ ಹುರಿದ ಹಾಗೆ ಚಟ್ಟೆಂದು ಮುರಿದು ನಟ್ಟಿನ ಸಮೇತ ತಿರುಗತೊಡಗಿತು. ಕಾಟಪ್ಪ ಬಗ್ಗಿ ಅದನ್ನು ಎರಡು ಬೆರಳಲ್ಲಿ ಎತ್ತಿದ. ಗೇಣಿಗೂ ಗಿಡ್ಡ ತುಂಡು. ಎರಡನೆಯದನ್ನೂ ಕಿತ್ತ. ಮೂರನೆಯದನ್ನು ಕೀಳುವ ಅಗತ್ಯವೇ ಇರಲಿಲ್ಲ, ಆದರೂ ಕಿತ್ತ. ತಂದು ಮಾವನ ಅಂಗೈಯಲ್ಲಿ ಒಂದೊಂದಾಗಿ ಇಟ್ಟ.

"ತಗೋ ಮಾವ. ನಿನ್ನ ಹಲ್ಲು."

ಈ ಸಲ ಯಾರೂ ನಗಲಿಲ್ಲ. ಬೊಮ್ಮಪ್ಪ ತುಂಡುಗಳನ್ನು ಹಿಡಿದು ನಿಂತ, ಕೈ ನಡುಗಿತು. ಆ ನಡುಕವನ್ನು ಎಲ್ಲರೂ ನೋಡಲೆಂದು ಕಾಟಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅಷ್ಟು ಸುಖ ಅವನಿಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ.

ರವಿಶಂಕರ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬರಿದಾದ ತೂತು ನೋಡಿದ. ಅದರ ತಳದಲ್ಲಿ ಗ್ರೌಟು ನುಣ್ಣಗೆ, ಬೋಲ್ಟು ಹಾದ ಗುರುತಿಲ್ಲದೆ ಕಾಣುತ್ತಿತ್ತು.

"ಏಮಯ್ಯಾ, ಈ ಗ್ರೌಟ್ ಯಾರು ಹಾಕಿದ್ದು?"

ಗ್ಯಾಂಗಿನವರೆಲ್ಲ ಕಾಟಪ್ಪನ ಕಡೆ ತಿರುಗಿದರು.

"ಕೆಳಗ ನೋಡದಾ ಹಾಕಿದ್ಯಾ, ನೋಡಿ ಹಾಕಿದ್ಯಾ? ನೋಡದಾ ಹಾಕಿದ್ರ ನೀ ಕುರುಡ. ನೋಡಿ ಹಾಕಿದ್ರ ಇವನಿಗಿಂತ ದೊಡ್ಡ ಕಳ್ಳ."

ಉತ್ತರ ಬಂದದ್ದು ನಾಗರತ್ನಳಿಂದ. "ನೋಡ್ಯಾನ್ರಿ. ಹೊಟ್ಟಿ ಮ್ಯಾಲ ಮಲಗಿ, ಲೈಟ್ ಬಿಟ್ಟು, ಭಾಳ ಹೊತ್ತು ನೋಡ್ಯಾನ. ನಾ ಬಕೆಟ್ ಹಿಡಕೊಂಡು ಅಲ್ಲೇ ನಿಂತಿದ್ದೆ." ಎಂದೂ ಬಹುವಚನ ಬಿಡದವಳು ಗಂಡನ ಕಡೆ ತಿರುಗಿದಳು. "ನನ್ನ ಕೈಲೇ ಹುಯ್ಸಿದಿ. ಇವತ್ತ ಅಪ್ಪ ನಿನಗ ಹತ್ತು ಅನ್ನದಾ ತಾನಾ ಹತ್ತಿದ್ರ ಬಾಯಿ ಬಿಡ್ತಿದ್ದೇನು? ಹೇಳು."

ಕಾಟಪ್ಪ ಕಂಬದ ತುದಿಯನ್ನು ನೋಡಿದ. ಗಾಳಿ ಹಗ್ಗ ಮಿಡಿಯಿತು.

"ಹೇಳು ಅಂದೆ."

ಕಾಟಪ್ಪ ಬಗ್ಗಿ ಪಾನಾದಿಂದ ಪೈಪು ಬಿಡಿಸತೊಡಗಿದ.

ಆಗ ಬೊಮ್ಮಪ್ಪ ನಕ್ಕ. ಕಟ್ಟಿಗೆ ಮುರಿದ ಹಾಗೆ ಒಣ ನಗು. "ಬಿಡವ್ವ, ಬೈಬ್ಯಾಡ. ನಾ ಸುಳ್ಳಾ ಹೇಳಿದ್ನೇನು? ನನ್ನ ಸರೀ ಜೋಡಿ ಇವನು. ಪಕ್ಕಾ ಮೇಸ್ತ್ರಿ."

ಬೆಳುಗುಪ್ಪದ ಶೆಡ್ಡು ಬೇರೆ ಗ್ಯಾಂಗಿಗೆ ಹೋಯಿತು. ಈಶಾನ್ಯದ ಗ್ರೌಟನ್ನೂ ಪಾಯವನ್ನೂ ಒಡೆಯುವ ಕೆಲಸವನ್ನು ರವಿಶಂಕರ, ಮಾವ-ಅಳಿಯ ಇಬ್ಬರಿಗೇ ಹಚ್ಚಿದ. ಗ್ರೌಟು ಅಷ್ಟು ಚೆನ್ನಾಗಿ ಹಿಡಿದಿತ್ತು, ಎಲ್ಲೂ ಪೊಳ್ಳಿರಲಿಲ್ಲ. ಸುತ್ತಿಗೆ ಹೊಡೆದು ಹೊಡೆದು ಕಾಟಪ್ಪನ ಅಂಗೈ ಬೊಬ್ಬೆಯೆದ್ದು ಒಡೆಯಿತು. ನೀರು ಕೊಡಲು ನಾಗರತ್ನ ಬರಲಿಲ್ಲ. ಅವಳು ಬಟ್ಟೆಗಂಟು ಹಿಡಿದು ಬಳ್ಳಾರಿ ಕಡೆ ಕೂಲಿಗೆ ಹೋದವಳು ಅಪ್ಪನ ಮನೆಗೂ ಬರಲಿಲ್ಲ, ಗಂಡನ ಫೋನನ್ನೂ ಎತ್ತಲಿಲ್ಲ.

ಆದರೆ ಕಾಟಪ್ಪನಿಗೆ ಬೇಕಾಗಿದ್ದ ಮಾತು ಮಾತ್ರ ಸಿಕ್ಕಿತು. ರಾಯದುರ್ಗದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವನು ಬಂದು ಬೆಂಚಿನ ತುದಿಗೆ ಕೂತರೆ ಸಾಕು, ಹೊನ್ನೂರಪ್ಪನೋ ಮತ್ತೊಬ್ಬನೋ ಎದ್ದು ನಿಂತು ಕೈಮುಗಿಯುತ್ತಾನೆ.

"ಬರ್ರಿ ಮೇಸ್ತ್ರಿ, ಕುಂದರ್ರಿ. ಇವತ್ತ ಯಾರನ್ನ ಹತ್ತಿಸಿದ್ರಿ?"